ನಿರೀಕ್ಷಿತ ಬೆಲೆ ಮತ್ತು ವೇರಿಯನ್ಸ್: ಫೋಟೋದಲ್ಲಿರುವ ಕೋಷ್ಟಕ ಓದುವುದು ಹೇಗೆ?

ಸಂಖ್ಯಾಶಾಸ್ತ್ರದ ಪ್ರಶ್ನೆ ಈಗ ಹೆಚ್ಚಾಗಿ ಫೋಟೋ ಆಗಿಯೇ ಬರುತ್ತದೆ. ಪುಸ್ತಕದ ಪುಟವನ್ನೋ ನೋಟ್ಸನ್ನೋ ಮೊಬೈಲಿನಲ್ಲಿ ತೆಗೆದಿರುತ್ತಾರೆ. ಅದರಲ್ಲಿ ಎರಡು ಸಾಲಿನ ಒಂದು ಕೋಷ್ಟಕ, ಕೆಳಗೆ "E(X) ಮತ್ತು Var(X) ಕಂಡುಹಿಡಿಯಿರಿ" ಎಂಬ ಒಂದು ಸಾಲು. ಲೆಕ್ಕ ಕಷ್ಟದ್ದಲ್ಲ. ಕೋಷ್ಟಕವನ್ನು ಸರಿಯಾಗಿ ಓದುವುದೇ ಅರ್ಧ ಕೆಲಸ.

ಒಂದು ಆಟ ಇಟ್ಟುಕೊಳ್ಳೋಣ. ಡಬ್ಬಿಯಲ್ಲಿ 10 ಚೀಟಿಗಳಿವೆ. ನೋಡದೆ ಒಂದನ್ನು ಎತ್ತಬೇಕು, ಓದಿ ವಾಪಸ್ ಹಾಕಬೇಕು. 2 ಚೀಟಿಗಳಲ್ಲಿ "2 ರೂಪಾಯಿ ಕೊಡು" ಎಂದಿದೆ. 3 ಚೀಟಿ ಖಾಲಿ. 4 ಚೀಟಿಗೆ 1 ರೂಪಾಯಿ ಸಿಗುತ್ತದೆ, ಉಳಿದ ಒಂದಕ್ಕೆ 3 ರೂಪಾಯಿ. ಒಂದು ಸಲ ಎತ್ತಿದಾಗ ನಮಗೆ ಬರುವ ಹಣವನ್ನು X ಎನ್ನೋಣ. ಎಷ್ಟು ಬರುತ್ತದೆ ಎಂದು ಮೊದಲೇ ಹೇಳಲಾಗದು, ಆದರೆ ಯಾವ್ಯಾವ ಬೆಲೆ ಬರಬಹುದು, ಒಂದೊಂದರ ಸಂಭವನೀಯತೆ ಎಷ್ಟು ಎಂದು ಗೊತ್ತಿದೆ. ಹೀಗೆ ಬಿಡಿಬಿಡಿಯಾದ ಬೆಲೆಗಳನ್ನು ತಾಳುವ X ಒಂದು ಡಿಸ್ಕ್ರೀಟ್ ರ‍್ಯಾಂಡಮ್ ವೇರಿಯಬಲ್. ಫೋಟೋದಲ್ಲಿ ಕೋಷ್ಟಕ ಹೀಗಿರುತ್ತದೆ:

| x | −2 | 0 | 1 | 3 |
|---|---|---|---|---|
| P(X = x) | 0.2 | 0.3 | 0.4 | 0.1 |

ಮೊದಲು ಕೆಳಗಿನ ಸಾಲನ್ನು ಕೂಡಿ ನೋಡಿ. 0.2 + 0.3 + 0.4 + 0.1 = 1. ಇದು ಸರಿ ಬಂದ ಮೇಲೆ ಮುಂದಕ್ಕೆ ಹೋಗಿ.

ನಿರೀಕ್ಷಿತ ಬೆಲೆ ಎಂದರೆ ಏನು? ಈ ಆಟವನ್ನು 1000 ಸಲ ಆಡಿದೆವು ಎನ್ನಿ. ಸುಮಾರು 200 ಸಲ 2 ರೂಪಾಯಿ ಹೋಗುತ್ತದೆ, 300 ಸಲ ಏನೂ ಇಲ್ಲ, 400 ಸಲ 1 ರೂಪಾಯಿ, 100 ಸಲ 3 ರೂಪಾಯಿ ಬರುತ್ತದೆ. ಒಟ್ಟು −400 + 0 + 400 + 300, ಅಂದರೆ 300 ರೂಪಾಯಿ. ಆಟಕ್ಕೆ 0.3 ರೂಪಾಯಿ ಬಿತ್ತು. ಅದೇ E(X). ಕೋಷ್ಟಕದಿಂದ ನೇರವಾಗಿ ಪಡೆಯಲು ಪ್ರತಿ ಬೆಲೆಯನ್ನು ಅದರ ಕೆಳಗಿನ ಸಂಭವನೀಯತೆಯಿಂದ ಗುಣಿಸಿ ಕೂಡಿದರೆ ಸಾಕು:

E(X) = (−2)(0.2) + (0)(0.3) + (1)(0.4) + (3)(0.1) = −0.4 + 0 + 0.4 + 0.3 = 0.3

ಹೆಸರು ನೋಡಿ ಮೋಸ ಹೋಗಬೇಡಿ. 0.3 ರೂಪಾಯಿಯ ಚೀಟಿ ಡಬ್ಬಿಯಲ್ಲೇ ಇಲ್ಲ, ಅದು ಯಾವತ್ತೂ ಕೈಗೆ ಬರುವುದಿಲ್ಲ. ತುಂಬಾ ಸಲ ಆಡಿದಾಗ ಸರಾಸರಿ ಹೋಗಿ ನಿಲ್ಲುವ ಜಾಗ ಅದು, ಅಷ್ಟೇ. ಇನ್ನೊಂದು ತಪ್ಪು ತುಂಬಾ ಜನ ಮಾಡುತ್ತಾರೆ: ನಾಲ್ಕು ಕಾಲಂ ಇವೆ ಎಂದು ಕೊನೆಗೆ 4ರಿಂದ ಭಾಗಿಸುವುದು. ಭಾಗಿಸುವ ಕೆಲಸವನ್ನು ಸಂಭವನೀಯತೆಗಳು ಆಗಲೇ ಮಾಡಿ ಮುಗಿಸಿವೆ.

ಸರಾಸರಿ 0.3 ಎಂದಷ್ಟೇ ಹೇಳಿದರೆ ಆಟದ ಸ್ವಭಾವ ತಿಳಿಯುವುದಿಲ್ಲ. ಪ್ರತಿ ಸಲವೂ 30 ಪೈಸೆ ಕೊಡುವ ಆಟಕ್ಕೂ ಇದೇ ನಿರೀಕ್ಷಿತ ಬೆಲೆ ಇರುತ್ತದೆ, ಅಲ್ವಾ? ಬೆಲೆಗಳು ಈ 0.3ರಿಂದ ಎಷ್ಟು ದೂರ ಚದುರಿವೆ ಎಂದು ಅಳೆಯುವುದೇ ವೇರಿಯನ್ಸ್. ಸುಮ್ನೆ ದೂರಗಳ ಸರಾಸರಿ ತೆಗೆದರೆ ಆಗದು. ಆ ಕಡೆಯ ದೂರ, ಈ ಕಡೆಯ ದೂರ ಒಂದಕ್ಕೊಂದು ವಜಾ ಆಗಿ ಯಾವಾಗಲೂ ಸೊನ್ನೆಯೇ ಬರುತ್ತದೆ. ಅದಕ್ಕೇ ಪ್ರತಿ ದೂರದ ವರ್ಗ ಮಾಡಿ, ಆಮೇಲೆ ಸಂಭವನೀಯತೆಯಿಂದ ಗುಣಿಸಿ ಕೂಡುತ್ತಾರೆ. 'ವೇರಿಯನ್ಸ್' ಎಂಬ ಹೆಸರನ್ನು ಈ ಅರ್ಥದಲ್ಲಿ ಬಳಕೆಗೆ ತಂದವರು ಆರ್. ಎ. ಫಿಶರ್, 1918ರ ಒಂದು ಪ್ರಬಂಧದಲ್ಲಿ.

ಕೈಯಲ್ಲಿ ಲೆಕ್ಕ ಹಾಕುವವರಿಗೆ ಸುಲಭದ ದಾರಿ ಒಂದಿದೆ. ಮೊದಲು x ವರ್ಗಗಳ ಸರಾಸರಿ, ಆಮೇಲೆ ಅದರಿಂದ ಸರಾಸರಿಯ ವರ್ಗ ಕಳೆಯುವುದು:

E(X²) = (4)(0.2) + (0)(0.3) + (1)(0.4) + (9)(0.1) = 0.8 + 0 + 0.4 + 0.9 = 2.1

Var(X) = 2.1 − (0.3)² = 2.1 − 0.09 = 2.01

ಮೂಲ ದಾರಿಯಲ್ಲಿ ಹೋದರೂ ಇದೇ ಬರಬೇಕು. −2ರ ದೂರ −2.3, ಅದರ ವರ್ಗ 5.29, ಅದಕ್ಕೆ 0.2 ಗುಣಿಸಿದರೆ 1.058. ಉಳಿದ ಮೂರು 0.027, 0.196, 0.729. ಕೂಡಿದರೆ 2.01. ಇದರ ಅಳತೆ 'ರೂಪಾಯಿಯ ವರ್ಗ' ಆದ್ದರಿಂದ ಅರ್ಥಕ್ಕೆ ಸಿಗುವುದಿಲ್ಲ. ವರ್ಗಮೂಲ ತೆಗೆದರೆ ಸುಮಾರು 1.42 ರೂಪಾಯಿ, ಅದು ಮಾನಕ ವಿಚಲನೆ. ಸಿಗುವ ಸರಾಸರಿ 30 ಪೈಸೆ, ಏರಿಳಿತ ಒಂದೂವರೆ ರೂಪಾಯಿಯ ಹತ್ತಿರ. ಒಂದೆರಡು ಸಲ ಆಡಿ ಈ ಆಟ ಲಾಭದ್ದೋ ನಷ್ಟದ್ದೋ ಹೇಳಲಾಗದು ಎಂಬುದು ಇದರಲ್ಲೇ ಕಾಣುತ್ತದೆ.

ಈಗ ಫೋಟೋದ ತೊಂದರೆಗೆ ಬರೋಣ. ಕೆಳಗಿನ ಸಾಲಿನಲ್ಲಿ ಒಂದು ಅಂಕಿ ತಪ್ಪಿದರೆ, ಉದಾಹರಣೆಗೆ 0.1 ಅನ್ನು 0.7 ಎಂದು ಓದಿದರೆ, ಮೊತ್ತ 1.6 ಆಗಿ ತಕ್ಷಣ ಸಿಕ್ಕಿಬೀಳುತ್ತದೆ. ಮೇಲಿನ ಸಾಲಿನ ತಪ್ಪಿಗೆ ಅಂಥ ಕಾವಲಿಲ್ಲ. ಮಸುಕಾದ ಫೋಟೋದಲ್ಲಿ ಮೊದಲು ಅಳಿಸಿಹೋಗುವುದು ಮೈನಸ್ ಗುರುತು. −2 ಅನ್ನು 2 ಎಂದು ಓದಿದಿರಿ ಎನ್ನಿ. ಸಂಭವನೀಯತೆಗಳ ಮೊತ್ತ ಆಗಲೂ 1. ವರ್ಗ ಮಾಡಿದರೆ ಎರಡೂ 4 ಆಗುವುದರಿಂದ E(X²) ಕೂಡ 2.1 ಆಗಿಯೇ ಉಳಿಯುತ್ತದೆ. ಆದರೆ E(X) 1.1ಕ್ಕೆ ಜಿಗಿಯುತ್ತದೆ, ವೇರಿಯನ್ಸ್ 2.1 − 1.21 = 0.89ಕ್ಕೆ ಇಳಿಯುತ್ತದೆ. ಎರಡೂ ತಪ್ಪು, ಎರಡೂ ನೋಡಲು ಸರಿಯಾಗಿಯೇ ಇವೆ. ಎರಡು ದಾರಿಯಲ್ಲಿ ಲೆಕ್ಕ ಮಾಡಿ ತಾಳೆ ನೋಡಿದರೂ ಹಿಡಿಯಲಾಗದು. ಒಂದೇ ಸುಳಿವು ಬೆಲೆಗಳ ಕ್ರಮ. 2, 0, 1, 3 ಎಂದು ಯಾರೂ ಬರೆಯುವುದಿಲ್ಲ. ಮೇಲಿನ ಸಾಲು ಸಾಮಾನ್ಯವಾಗಿ ಚಿಕ್ಕದರಿಂದ ದೊಡ್ಡದಕ್ಕೆ ಹೋಗುತ್ತದೆ. ಕ್ರಮ ಕೆಟ್ಟಿದ್ದರೆ ಫೋಟೋ ದೊಡ್ಡದು ಮಾಡಿ ನೋಡಿ.

ಮೈನಸ್ಸಿಗೇ ಸೇರಿದ ಇನ್ನೊಂದು ಮಾತು. ಹೆಚ್ಚಿನ ಸೈಂಟಿಫಿಕ್ ಕ್ಯಾಲ್ಕುಲೇಟರಿನಲ್ಲಿ ಆವರಣ ಹಾಕದೆ −2² ಎಂದು ಒತ್ತಿದರೆ −4 ಬರುತ್ತದೆ. ಆಗ E(X²) 0.5 ಆಗಿ, ವೇರಿಯನ್ಸ್ 0.41 ಎಂದು ಹೊರಬರುತ್ತದೆ. (−2)² ಎಂದೇ ಒತ್ತಬೇಕು.

ಒಂದು ಕೋಣೆ ಪೂರ್ತಿ ಕಾಣದಿದ್ದರೆ? ಕೆಳಗಿನ ಸಾಲಿನದ್ದಾದರೆ 1ರಿಂದ ಉಳಿದವನ್ನು ಕಳೆದು ತುಂಬಬಹುದು. ಆದರೆ ಇದಕ್ಕೊಂದು ಬೆಲೆ ಇದೆ: ಹಾಗೆ ತುಂಬಿದ ಮೇಲೆ ಮೊತ್ತ 1 ಬಂದೇ ಬರುತ್ತದೆ, ಉಳಿದ ಅಂಕಿಗಳ ತಪ್ಪು ಹಿಡಿಯಲು ಅದು ಇನ್ನು ಉಪಯೋಗಕ್ಕಿಲ್ಲ.

ಮೊತ್ತ 1ಕ್ಕಿಂತ ತುಂಬಾ ಜಾಸ್ತಿ ಬಂದು, ಕೊನೆಯ ಕೋಣೆಯಲ್ಲಿ ಸರಿಯಾಗಿ 1 ಇದ್ದರೆ ಕಣ್ಣಿನ ತಪ್ಪು ಇರಲಿಕ್ಕಿಲ್ಲ. ಅದು ಬೇರೆ ಜಾತಿಯ ಕೋಷ್ಟಕ. ನಮ್ಮ ಆಟವನ್ನೇ ಹಾಗೆ ಬರೆದರೆ 0.2, 0.5, 0.9, 1 ಎಂದು ಬರುತ್ತದೆ. ಇಲ್ಲಿ ಪ್ರತಿ ಅಂಕಿಯೂ ಅಲ್ಲಿಯವರೆಗಿನ ಒಟ್ಟು ಮೊತ್ತ. ಸಾಲಿನ ಹೆಸರು P(X = x) ಬದಲು P(X ≤ x) ಎಂದಿರುತ್ತದೆ, ಸಣ್ಣ ಫೋಟೋದಲ್ಲಿ ಆ ಗುರುತಿನ ವ್ಯತ್ಯಾಸ ಕಾಣುವುದೇ ಇಲ್ಲ. ಪ್ರತಿ ಅಂಕಿಯಿಂದ ಅದರ ಹಿಂದಿನದನ್ನು ಕಳೆಯುತ್ತಾ ಹೋದರೆ 0.2, 0.3, 0.4, 0.1 ವಾಪಸ್ ಸಿಗುತ್ತದೆ. ಇದಾದ ಮೇಲೆಯೇ ಗುಣಾಕಾರ ಶುರು ಮಾಡಬೇಕು.