ಸಾವ್ಕಾರ್ರು "ಕೆಳಗ ನೂರು ಕಡಿಮಿ" ಅಂದ್ರ ಬಿಲ್ಲಿನೊಳಗ ಏನಾಗತೈತಿ: ಭಾಂಡೆ ಅಂಗಡಿ ಸಾಫ್ಟ್‌ವೇರ್ ನೋಟ್ಸ್

ಹುಬ್ಬಳ್ಳಿ ದುರ್ಗದ ಬೈಲ್ ಕಡೆ ಒಂದು ಭಾಂಡೆ ಅಂಗಡಿಗೆ ಆರ್ಡರ್ ಮತ್ತ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಾಕತ್ತೇನಿ. ಸಾವ್ಕಾರ್ರು ವಾಟ್ಸಾಪ್‌ನ್ಯಾಗ ಏನೇನು ಬೇಕು ಅಂತ ಬರದು ಕಳಿಸ್ಯಾರ. ಸ್ಟಾಕು, ಉದ್ರಿ ಖಾತೆ, ಪ್ರಿಂಟರ್ ಎಲ್ಲಾ ಸರಳ ಐತಿ, ಅದನ್ನ ಬಿಡ್ರಿ. ತಲಿ ತಿಂದದ್ದು ಈ ಒಂದು ಸಾಲು: "ತಮ್ಮಾ, ನಾವು ರೇಟ್ ಟ್ಯಾಕ್ಸ್ ಸೇರಿಸೇ ಹೇಳೋದು. ಗಿರಾಕಿ ಚೌಕಾಶಿ ಮಾಡಿದ್ರ ಕೆಳಗ ಕಡಿಮಿ ಮಾಡಾಕ ಬರಬೇಕು, ಬಿಲ್ ರೌಂಡ್ ಬರಬೇಕು."

ಓದಿದ್ರ ಟೋಟಲ್‌ನಾಗ ಕಳದ್ರ ಮುಗೀತು ಅನಸ್ತೈತಿ. ಆದ್ರ ಜಿಎಸ್‌ಟಿ ಕಾಯ್ದೆ ಸೆಕ್ಷನ್ 15(3) ಪ್ರಕಾರ ಮಾರೋ ಹೊತ್ತಿಗೇ ಕೊಟ್ಟು ಬಿಲ್ಲಿನೊಳಗ ತೋರಿಸಿದ ಡಿಸ್ಕೌಂಟ್‌ನ್ನ ಬೆಲೆಯಿಂದ ತಗದು, ಉಳಿದಿದ್ದಕ್ಕ ಅಷ್ಟೇ ಟ್ಯಾಕ್ಸ್. ಅಂದ್ರ ಟ್ಯಾಕ್ಸೂ ಇಳೀಬೇಕು. ಎಷ್ಟು ಇಳೀಬೇಕು ಅನ್ನೋದು ಯಾವ ಸಾಮಾನಿಂದ ಎಷ್ಟು ಕಡಿಮಿ ಆತು ಅನ್ನೋದರ ಮ್ಯಾಲೆ ಐತಿ, ಯಾಕಂದ್ರ ಈ ಅಂಗಡ್ಯಾಗ ಎರಡು ಟ್ಯಾಕ್ಸ್ ರೇಟ್ ಅದಾವ: ಇಸ್ತ್ರಿ ಪೆಟ್ಟಿಗಿಗೆ 18%, ಸ್ಟೀಲ್ ಭಾಂಡೆಗೆ 5%.

ಲೆಕ್ಕ ಮಾಡಿ ನೋಡೂಣು. ಇಸ್ತ್ರಿ ಪೆಟ್ಟಿಗಿ ₹1180, ಸ್ಟೀಲ್ ಕೊಡ ₹420, ಎರಡೂ ಟ್ಯಾಕ್ಸ್ ಸೇರಿ. ಒಟ್ಟು 1600, ಗಿರಾಕಿ ಜಗ್ಗಿ 1500ಕ್ಕ ತಂದ. ನೂರು ರೂಪಾಯಿನ ಬೆಲೆ ಪ್ರಮಾಣದಾಗ ಹಂಚ್ರಿ: ಪೆಟ್ಟಿಗಿಗೆ 73.75, ಕೊಡಕ್ಕ 26.25. ಉಳಿದಿದ್ದು 1106.25 ಮತ್ತ 393.75.

ಈಗ ಇದರೊಳಗಿಂದ ಟ್ಯಾಕ್ಸ್ ಹೊರಗ ತಗೀಬೇಕು. ಇಲ್ಲೇ ನಿಧಾನ ಓದ್ರಿ. 1106.25ಕ್ಕ 18% ಹಚ್ಚಿದ್ರ 199 ಚಿಲ್ರೆ ಬರತೈತಿ, ಅದು ತಪ್ಪು. 18% ಇರೋದು ಮೂಲ ಬೆಲೆ ಮ್ಯಾಲೆ, ಮೂಲ 100 ಇದ್ರ ಗಿರಾಕಿ ಕೊಡೋದು 118, ಹಂಗಾಗಿ ಕೈಯಾಗಿನ ರೊಕ್ಕದಾಗ 118ರಲ್ಲಿ 18 ಭಾಗ ಟ್ಯಾಕ್ಸ್. 1106.25 × 18 ÷ 118 = 168.75. ಕೊಡಕ್ಕ 393.75 × 5 ÷ 105 = 18.75. ಒಟ್ಟು ಟ್ಯಾಕ್ಸ್ 187.50. ಡಿಸ್ಕೌಂಟ್‌ನ್ನ ಬರೇ ಟೋಟಲ್‌ನಾಗ ಕಳದಿದ್ರ ಟ್ಯಾಕ್ಸ್ 180 + 20 = 200 ಹಂಗೇ ಉಳೀತಿತ್ತು, ಸಾವ್ಕಾರ್ರು 12.50 ಸುಮ್ನ ಹೆಚ್ಚಿಗಿ ಕಟ್ಟಬೇಕಾಗತಿತ್ತು.

ಇನ್ನೊಂದು ಗಂಟು ಐತಿ. ರಾಜ್ಯದೊಳಗಿನ ವ್ಯಾಪಾರಕ್ಕ ಟ್ಯಾಕ್ಸ್ ಅರ್ಧ ಸಿಜಿಎಸ್‌ಟಿ, ಅರ್ಧ ಎಸ್‌ಜಿಎಸ್‌ಟಿ. 168.75ರ ಅರ್ಧ 84.375, ಎರಡೂ ಕಡೆ 84.38 ಅಂತ ಬರೀತೇವಿ, ಕೂಡಿಸಿದ್ರ 168.76. ಕೊಡದ್ದೂ ಹಿಂಗೇ 9.38 ಎರಡು ಸಲ, 18.76. ಎರಡು ಸಾಲು ಸೇರಿ ಬಿಲ್ 1500.02 ಆತು! ಇದಕ್ಕ ನನಗ ಭಾಳ ಸೇರಿದ ಉಪಾಯ ಏನಂದ್ರ, ಮೂಲ ಬೆಲೆನ ಬ್ಯಾರೆ ಲೆಕ್ಕ ಹಾಕೋದೇ ಬ್ಯಾಡ, ಅರ್ಧ ಟ್ಯಾಕ್ಸ್ ಮೊದಲು ರೌಂಡ್ ಮಾಡಿ, ಉಳಿದಿದ್ದೇ ಮೂಲ ಬೆಲೆ ಅನ್ನೋದು. ಎಲ್ಲಾ ಪೈಸೆದಾಗ, ಪೂರ್ಣ ಸಂಖ್ಯೆ ಇಡ್ರಿ:

```
net  = price - share
tax  = net * rate / (100 + rate)
half = round(tax / 2)
base = net - 2 * half
```

ಮೂಲ ಬೆಲೆ 937.49 ಮತ್ತ 374.99 ಬಂತು, ಟ್ಯಾಕ್ಸ್ 187.52, ಕೂಡಿಸಿದ್ರ ಸರಿಯಾಗಿ 1500. ಪೈಥಾನ್‌ನ `round` ಅರ್ಧ ಬಂದಾಗ ಸಮ ಸಂಖ್ಯೆ ಕಡೆ ಹೋಗತೈತಿ, 8436.5 ಇದ್ರ 8436 ಮಾಡತೈತಿ, ಅಕೌಂಟಂಟ್ ಲೆಕ್ಕದಾಗ 8437 ಇರತೈತಿ, ಅದನ್ನ ಮೊದಲೇ ಕೇಳಿಕೊಳ್ರಿ. ಡಿಸ್ಕೌಂಟ್ ಹಂಚೋ ಮುಂದೂ ಪೈಸೆ ಉಳೀತಾವ: ಒಂದೇ ಬೆಲೆಯ ಮೂರು ಸಾಮಾನಿಗೆ ನೂರು ಹಂಚಿದ್ರ 33.33 ಮೂರು ಸಲ, ಉಳಿದ ಒಂದು ಪೈಸೆ ಕೊನೇ ಸಾಲಿಗೆ ಹಾಕ್ರಿ.

ಟ್ಯಾಕ್ಸ್ ರೇಟ್‌ನ್ನ ಸಾಮಾನಿನ ಟೇಬಲ್‌ನಾಗ ಅಷ್ಟೇ ಇಟ್ರ ಸಾಲದು, ಬಿಲ್ಲಿನ ಪ್ರತಿ ಸಾಲಿನಾಗೂ ಕಾಪಿ ಆಗಬೇಕು. ಸ್ಟೀಲ್ ಭಾಂಡೆ 2025ರ ಸೆಪ್ಟೆಂಬರ್ 21ರ ತನಕ 12% ಇತ್ತು, 22ರಿಂದ 5% ಆತು. ಹಳೇ ಬಿಲ್ ಇನ್ನೊಮ್ಮೆ ಪ್ರಿಂಟ್ ತಗದ್ರ, ಇಲ್ಲಾ ಆಗ ಒಯ್ದ ಸಾಮಾನು ತಿರುಗಿ ಬಂದು ಕ್ರೆಡಿಟ್ ನೋಟ್ ಮಾಡೋದಿದ್ರ, 12% ಅಂತಲೇ ಬರಬೇಕು.

ಕೊನೇಕ ಆರ್ಡರ್. "ಮದುವಿ ಆರ್ಡರ್‌ಗೆ ಅಡ್ವಾನ್ಸ್ ತಗೋತೇವಿ" ಅಂತ ಬರದಾರ. ಸಾಮಾನಿನ ಅಡ್ವಾನ್ಸ್‌ಗೆ ಆಗಲೇ ಟ್ಯಾಕ್ಸ್ ಕಟ್ಟೋದಿಲ್ಲ, ಹಂಗಾಗಿ ಅಡ್ವಾನ್ಸ್‌ಗೆ ರಸೀದಿ ಅಷ್ಟೇ. ಆರ್ಡರ್‌ಗೆ ತನ್ನದೇ ನಂಬರ್, ಬಿಲ್ ನಂಬರ್ ಸಾಮಾನು ಒಯ್ಯೋ ದಿನ ಬಿಲ್ ಮಾಡಿದಾಗ ಹುಟ್ಟಬೇಕು. ಬಿಲ್ ನಂಬರ್ ಸಾಲಾಗಿ ಬರಬೇಕು ಅಂತ ನಿಯಮ ಐತಿ, ಆರ್ಡರ್‌ಗೇ ಆ ನಂಬರ್ ಕೊಟ್ರ ಒಂದು ಆರ್ಡರ್ ಕ್ಯಾನ್ಸಲ್ ಆದ ಕೂಡಲೇ ನಡುವ ತೂತು ಬೀಳತೈತಿ. ಸಾವ್ಕಾರ್ರಿಗೆ ಈಗ ಒಂದೇ ಪ್ರಶ್ನೆ ಕಳಿಸೇನಿ: "ಅಣ್ಣಾರ, ಚೌಕಾಶಿ ಆರ್ಡರ್ ಬರಸೋ ದಿನ ಮುಗೀತೈತೋ, ಒಯ್ಯೋ ದಿನ ಮತ್ತ ನಡೀತೈತೋ?"