ಆರ್‌ಪಿಐ ಎಷ್ಟಿಡಬೇಕು? ಈಥರ್‌ನೆಟ್/ಐಪಿಯ ಎರಡು ಬಗೆಯ ಸಂದೇಶಗಳು

ಕಾರ್ಖಾನೆಯ ಯಂತ್ರ ನಡೆಸುವ ಪಿಎಲ್‌ಸಿ ತನ್ನ ಡ್ರೈವ್, ಐ/ಒಗಳ ಜೊತೆ ಮಾತಾಡುವ ಪದ್ಧತಿಯಾದ ಈಥರ್‌ನೆಟ್/ಐಪಿ ಕಲಿಯುವಾಗ ನನ್ನನ್ನು ಮೊದಲು ಗೊಂದಲಕ್ಕೆ ಕೆಡವಿದ್ದು ಇಂಪ್ಲಿಸಿಟ್, ಎಕ್ಸ್‌ಪ್ಲಿಸಿಟ್ ಅನ್ನೋ ಹೆಸರುಗಳೇ. ಆಮೇಲೆ ಮನೆಗೆ ಹಾಲು ಹಾಕುವವರನ್ನು ನೆನೆಸಿಕೊಂಡೆ, ಸರಿಹೋಯಿತು.

ಅಂಗಡಿಗೆ ಹೋಗಿ "ಅರ್ಧ ಲೀಟರ್ ಹಾಲು ಕೊಡಿ" ಅಂದರೆ ಅದು ಎಕ್ಸ್‌ಪ್ಲಿಸಿಟ್. ಏನು ಬೇಕು ಅನ್ನೋದು ಸಂದೇಶದಲ್ಲೇ ಇರುತ್ತದೆ: ಯಾವ ಕ್ಲಾಸ್, ಯಾವ ಇನ್‌ಸ್ಟನ್ಸ್, ಯಾವ ಆಟ್ರಿಬ್ಯೂಟ್, ಓದಬೇಕೋ ಬರೆಯಬೇಕೋ. ಕೇಳಿದ್ದಕ್ಕೆ ಉತ್ತರ ಬರುತ್ತದೆ. ಇದು ಸಾಮಾನ್ಯವಾಗಿ ಟಿಸಿಪಿ ಪೋರ್ಟ್ 44818ರಲ್ಲಿ ನಡೆಯುತ್ತದೆ. ಡ್ರೈವ್‌ನ ಒಂದು ಪ್ಯಾರಾಮೀಟರ್ ಓದಲು ಪಿಎಲ್‌ಸಿಯಲ್ಲಿ ಮೆಸೇಜ್ ಇನ್‌ಸ್ಟ್ರಕ್ಷನ್ ಹಾಕುತ್ತೀರಲ್ಲ, ಅದು ಇದೇ.

ಹಾಲಿನವರದು ಇಂಪ್ಲಿಸಿಟ್. ತಿಂಗಳ ಮೊದಲೇ ಮಾತಾಗಿದೆ, ದಿನಾ ಬಾಗಿಲಲ್ಲಿ ಪ್ಯಾಕೆಟ್ ಇಟ್ಟು ಹೋಗುತ್ತಾರೆ, ಯಾರೂ ಏನೂ ಕೇಳುವುದಿಲ್ಲ. ಆ ಮೊದಲ ಮಾತುಕತೆಯ ಹೆಸರು `Forward_Open`. ಎಷ್ಟು ಬೈಟ್, ಯಾವ ಅಸೆಂಬ್ಲಿ, ಎಷ್ಟು ಹೊತ್ತಿಗೊಮ್ಮೆ, ಎಲ್ಲ ಅಲ್ಲೇ ತೀರ್ಮಾನ. ತಮಾಷೆ ಅಂದರೆ ಈ ಮಾತುಕತೆ ಸ್ವತಃ ಎಕ್ಸ್‌ಪ್ಲಿಸಿಟ್ ಸಂದೇಶ. ಅದಾದ ಮೇಲೆ ಯುಡಿಪಿ ಪೋರ್ಟ್ 2222ರಲ್ಲಿ ಓಡುವ ಪ್ಯಾಕೆಟ್‌ನಲ್ಲಿ ಕನೆಕ್ಷನ್ ಐಡಿ, ಕ್ರಮಸಂಖ್ಯೆ, ಡೇಟಾ, ಅಷ್ಟೇ. ಮೂರನೇ ಬೈಟ್ ಅಂದರೆ ಏನು ಅಂತ ಪ್ಯಾಕೆಟ್ ಹೇಳುವುದಿಲ್ಲ, ಎರಡೂ ಕಡೆಯವರಿಗೆ ಮೊದಲೇ ಗೊತ್ತು. ಒಂದು ಪ್ಯಾಕೆಟ್ ಕಳೆದುಹೋದರೆ ಮತ್ತೆ ಕಳಿಸುವ ಪದ್ಧತಿಯೂ ಇಲ್ಲ. ನಿನ್ನೆಯ ಹಾಲು ಇವತ್ತು ಯಾರಿಗೆ ಬೇಕು?

ಆ "ಎಷ್ಟು ಹೊತ್ತಿಗೊಮ್ಮೆ" ಅನ್ನೋದೇ ಆರ್‌ಪಿಐ, ಅಂದರೆ ರಿಕ್ವೆಸ್ಟೆಡ್ ಪ್ಯಾಕೆಟ್ ಇಂಟರ್ವಲ್. ಅದು ಕೋರಿಕೆ ಮಾತ್ರ. ಸಾಧನಕ್ಕೆ ಆಗದ ಅಂಕಿ ಕೊಟ್ಟರೆ `16#0111` ಅನ್ನೋ ದೋಷಸಂಖ್ಯೆ ಕೊಟ್ಟು ತಿರಸ್ಕರಿಸಬಹುದು.

ನಾನು ಪಾಠ ಕಲಿತದ್ದು ಒಂದು ಬಾಟಲ್ ಲೈನಿನಲ್ಲಿ. ಬಾಟಲ್ ಎಣಿಸುವ ಫೋಟೊ ಸೆನ್ಸರ್ ರಿಮೋಟ್ ಐ/ಒಗೆ ಸೇರಿತ್ತು, ಆರ್‌ಪಿಐ 40 ಮಿಲಿಸೆಕೆಂಡ್. ಬಾಟಲ್‌ಗಳು ದೂರದೂರ ಬಂದಾಗ ಎಣಿಕೆ ಸರಿ. ಒತ್ತಾಗಿ ಬಂದಾಗ ಮಾತ್ರ ಕಡಿಮೆ. ಲೆನ್ಸ್ ಒರೆಸಿದೆವು, ಕೇಬಲ್ ಬದಲಿಸಿದೆವು. ಸೆನ್ಸರ್‌ನ ದೀಪ ಮಾತ್ರ ಒಂದೊಂದು ಬಾಟಲ್‌ಗೂ ಸರಿಯಾಗಿ ಮಿನುಗುತ್ತಲೇ ಇತ್ತು.

ಲೆಕ್ಕ ಹಾಕಿದಾಗ ಗೊತ್ತಾಯಿತು. ಬೆಲ್ಟ್ ವೇಗ ಸೆಕೆಂಡಿಗೆ 0.5 ಮೀಟರ್. ಒತ್ತಾಗಿ ಬಂದಾಗ ಬಾಟಲ್‌ಗಳ ನಡುವಿನ ಸಂದು 15 ಮಿಲಿಮೀಟರ್. ಅಂದರೆ ಸಂದು ಸೆನ್ಸರ್ ಮುಂದೆ ಇರುವುದು 30 ಮಿಲಿಸೆಕೆಂಡ್. 40ಕ್ಕೊಮ್ಮೆ ಇಣುಕಿದರೆ ಸುಮಾರು ನಾಲ್ಕರಲ್ಲಿ ಒಂದು ಸಂದು ಕಾಣುವುದೇ ಇಲ್ಲ. ಎರಡು ಬಾಟಲ್ ಒಂದಾಗುತ್ತವೆ.

ಹಾಗಾದರೆ 20 ಸಾಕಲ್ವಾ? ಆಗ ಒಂದು ಸಂದಿಗೆ ಒಂದು ಪ್ಯಾಕೆಟ್ ಖಂಡಿತ. ಆದರೆ ಆ ಒಂದೇ ಪ್ಯಾಕೆಟ್ ಕಳೆದುಹೋದರೆ? ಅದಕ್ಕೇ 10 ಇಟ್ಟೆವು. ಪ್ರೋಗ್ರಾಂ ಸ್ಕ್ಯಾನ್ 12 ಮಿಲಿಸೆಕೆಂಡ್ ಇತ್ತು, ಅದು ಪರವಾಗಿಲ್ಲ. ಸ್ಕ್ಯಾನೇ 35 ಆಗಿದ್ದರೆ ಆರ್‌ಪಿಐ ಎಷ್ಟು ಇಳಿಸಿದರೂ ಸುಮ್ನೆ.

ಅಷ್ಟು ಒಳ್ಳೆಯದಾದರೆ ಎಲ್ಲಕ್ಕೂ 2 ಇಡೋಣ ಅನ್ನಿಸುತ್ತದೆ. ಆಗ ಲೆಕ್ಕ ಹೀಗಾಗುತ್ತದೆ:

```
ಪ್ಯಾಕೆಟ್/ಸೆಕೆಂಡ್ = ಕನೆಕ್ಷನ್ × 2 × 1000 / RPI(ms)
20 × 2 × 1000 / 2 = 20000
```

ಎರಡು ಯಾಕೆಂದರೆ ಹೋಗುವುದೊಂದು, ಬರುವುದೊಂದು. ನಿಮ್ಮ ಸಂವಹನ ಮಾಡ್ಯೂಲ್‌ನ ಮಿತಿ 5000 ಆಗಿದ್ದರೆ ಕಥೆ ಮುಗಿಯಿತು. ನಮ್ಮಲ್ಲಿ ಎರಡು ಐ/ಒಗೆ 10, ನಾಲ್ಕಕ್ಕೆ 20, ಹನ್ನೆರಡು ಡ್ರೈವ್‌ಗೆ 40, ಎರಡು ಎನರ್ಜಿ ಮೀಟರ್‌ಗೆ 500 ಇಟ್ಟೆವು. 400 + 400 + 600 + 8, ಒಟ್ಟು 1408. ಎಕ್ಸ್‌ಪ್ಲಿಸಿಟ್ ಸಂದೇಶಕ್ಕೂ ಎಚ್‌ಎಂಐಗೂ ಬೇಕಾದಷ್ಟು ಜಾಗ ಉಳಿಯಿತು.

ಚಿಕ್ಕ ಆರ್‌ಪಿಐಗೆ ಇನ್ನೊಂದು ಬೆಲೆ ಇದೆ. ಆರ್‌ಪಿಐಯ ನಾಲ್ಕು ಪಟ್ಟು ಹೊತ್ತು ಪ್ಯಾಕೆಟ್ ಬಾರದಿದ್ದರೆ ಕನೆಕ್ಷನ್ ಕಡಿದುಬೀಳುತ್ತದೆ (ಈ ಗುಣಕ 4ರಿಂದ 512ರವರೆಗೆ ಇರಬಹುದು). 10ಕ್ಕೆ ಅದು ಬರೀ 40 ಮಿಲಿಸೆಕೆಂಡ್. ಸ್ವಿಚ್‌ಗಳು ದಾರಿ ಬದಲಿಸಲು ಅದಕ್ಕಿಂತ ಜಾಸ್ತಿ ಹೊತ್ತು ತೆಗೆದುಕೊಂಡರೆ `16#0203` ಬರುತ್ತದೆ. ಕೆಲವು ಕಂಟ್ರೋಲರ್‌ಗಳು ಈ ಅವಧಿ 100ಕ್ಕಿಂತ ಇಳಿಯದಂತೆ ಗುಣಕವನ್ನು ತಾವೇ ಏರಿಸಿಕೊಳ್ಳುತ್ತವೆ. ನಿಮ್ಮದು ಹಾಗೆ ಮಾಡುತ್ತದಾ, ಕೈಪಿಡಿ ನೋಡಿ. ಕನೆಕ್ಷನ್ ಹೋದಾಗ ಪಿಎಲ್‌ಸಿಯಲ್ಲಿ ಇನ್‌ಪುಟ್ ಹಳೆಯ ಬೆಲೆಯಲ್ಲೇ ನಿಂತುಬಿಡಬಹುದು, ಆದ್ದರಿಂದ ಫಾಲ್ಟ್ ಬಿಟ್ ನೋಡದೆ ಆ ಡೇಟಾ ನಂಬಬೇಡಿ.

ಇಟ್ಟದ್ದು ನಿಜಕ್ಕೂ ನಡೆಯುತ್ತಿದೆಯಾ ಅಂತ ನೋಡಲು ಸ್ವಿಚ್‌ನಲ್ಲಿ ಪೋರ್ಟ್ ಮಿರರ್ ಮಾಡಿ ವೈರ್‌ಶಾರ್ಕ್ ತೆರೆಯಿರಿ:

```
udp.port == 2222 && ip.src == 192.168.1.20
```

ಒಂದು ಪ್ಯಾಕೆಟ್‌ಗೂ ಮುಂದಿನದಕ್ಕೂ ಇರುವ ಅಂತರ 10ರ ಆಸುಪಾಸಿನಲ್ಲೇ ಇದ್ದರೆ ಸರಿ. ಆಗಾಗ 25, 30ಕ್ಕೆ ಹಾರುತ್ತಿದ್ದರೆ ಆರ್‌ಪಿಐ ಮುಟ್ಟುವ ಮೊದಲು ಕೇಬಲ್, ಡ್ಯುಪ್ಲೆಕ್ಸ್ ಸೆಟ್ಟಿಂಗ್, ಮಾಡ್ಯೂಲ್‌ನ ಹೊರೆ ಇಷ್ಟನ್ನು ನೋಡಿ.