ನಾಯಿಗೆ ಫೋಟೊದಲ್ಲಿ ಸ್ವೆಟರ್ ತೊಡಿಸುವಾಗ

ಹುಟ್ಟುಹಬ್ಬದ ಕಾರ್ಡಿಗೋ ಕ್ಯಾಲೆಂಡರಿಗೋ ‘ನಮ್ಮ ನಾಯಿಗೆ ಫೋಟೊದಲ್ಲೇ ಒಂದು ಸ್ವೆಟರ್ ಹಾಕಿಕೊಡಿ’ ಎಂದು ಕೇಳಿಕೊಂಡು ಸ್ಟುಡಿಯೊಗೆ ಬರುವವರಿದ್ದಾರೆ. ಉಣ್ಣೆ ತೊಟ್ಟು ಲೈಟಿನ ಬಿಸಿಗೆ ಸುಮ್ಮನೆ ಕೂರುವ ನಾಯಿ ಕಡಿಮೆ, ಹಾಗಾಗಿ ಕೇಳುವುದರಲ್ಲಿ ತಪ್ಪೇನಿಲ್ಲ. ಆದರೆ ಸ್ವೆಟರನ್ನು ಕತ್ತರಿಸಿ ಮೈಮೇಲೆ ಅಂಟಿಸಿದರೆ, ನಾಯಿಯ ಮುಂದೆ ರಟ್ಟಿನ ಬೊಂಬೆಯಂಗಿ ಹಿಡಿದಂತೆ ಕಾಣುತ್ತದೆ. ಬಣ್ಣ ಹೊಂದಿಸಿದರೂ ಅದು ಸರಿಹೋಗುವುದಿಲ್ಲ. ಉಣ್ಣೆ ಕೂದಲನ್ನು ಎಲ್ಲಿ ಅದುಮುತ್ತದೆ, ಕೂದಲು ಉಣ್ಣೆಯ ಮೇಲೆ ಎಲ್ಲಿ ಬೀಳುತ್ತದೆ ಎನ್ನುವುದು ತಪ್ಪಿರುತ್ತದೆ.

ಒಂದು ಗೋಲ್ಡನ್ ರಿಟ್ರೀವರ್ ಫೋಟೊ ತೆಗೆದುಕೊಳ್ಳೋಣ. ನಾಯಿ ಕುಳಿತಿದೆ, ಬೆಳಕು ಎಡಗಡೆಯ ಕಿಟಕಿಯಿಂದ ಬರುತ್ತಿದೆ. ಕಿವಿಗಳು ಜೋತುಬಿದ್ದು ಕತ್ತಿನವರೆಗೆ ಬಂದಿವೆ. ಕತ್ತಿನಲ್ಲಿ ಚರ್ಮದ ಕೊರಳಪಟ್ಟಿ, ಅದಕ್ಕೆ 3 ಸೆಂ.ಮೀ. ಅಗಲದ ದುಂಡನೆಯ ಹಿತ್ತಾಳೆ ಬಿಲ್ಲೆ. ಹಾಕಬೇಕಾದ್ದು ಮರೂನ್ ಬಣ್ಣದ, ದುಂಡು ಕತ್ತಿನ ಕೈಹೆಣಿಗೆಯ ಸ್ವೆಟರ್. ಸಾಫ್ಟ್‌ವೇರ್ ಫೋಟೊಶಾಪ್.

ಸ್ವೆಟರಿನ ಚಿತ್ರವನ್ನು ನೀವೇ ತೆಗೆಯುವುದು ಮೇಲು. ನೆಲದ ಮೇಲೆ ಹಾಸಿ ತೆಗೆದರೆ ಹೆಣಿಗೆ ಚಪ್ಪಟೆಯಾಗಿಯೇ ಉಳಿಯುತ್ತದೆ, ಆಮೇಲೆ ಎಷ್ಟು ಬಾಗಿಸಿದರೂ ದುಂಡಗಾಗುವುದಿಲ್ಲ. ಲೋಡುದಿಂಬಿಗೆ ಟವೆಲ್ ಸುತ್ತಿ ಎದೆಯಷ್ಟು ದಪ್ಪ ಮಾಡಿ, ಅದಕ್ಕೆ ಸ್ವೆಟರ್ ತೊಡಿಸಿ ನಿಲ್ಲಿಸಿ. ಬೆಳಕು ಎಡದಿಂದಲೇ ಬರಲಿ, ಕ್ಯಾಮೆರಾ ನಾಯಿಯನ್ನು ತೆಗೆದಷ್ಟೇ ಎತ್ತರದಲ್ಲಿರಲಿ. ಆಗ ಅಂಚಿನತ್ತ ಹೋದಂತೆ ಕುಣಿಕೆಗಳು ತಾವಾಗಿಯೇ ಕಿರಿದಾಗುತ್ತವೆ. ದುಂಡುತನವನ್ನು ಕಣ್ಣು ಓದುವುದು ಇದರಿಂದಲೇ.

ಇನ್ನು ಅಳತೆ. ಮಧ್ಯಮ ದಪ್ಪದ ನೂಲಿನ ಸಾದಾ ಹೆಣಿಗೆಯಲ್ಲಿ 10 ಸೆಂ.ಮೀ. ಅಗಲಕ್ಕೆ ಸುಮಾರು 20 ಕುಣಿಕೆಗಳು ಬರುತ್ತವೆ. ಅಂದರೆ 3 ಸೆಂ.ಮೀ. ಬಿಲ್ಲೆಯ ಅಗಲಕ್ಕೆ 6 ಕುಣಿಕೆ. ಫೋಟೊದಲ್ಲಿ ಬಿಲ್ಲೆ 180 ಪಿಕ್ಸೆಲ್ ಇದ್ದರೆ ಒಂದೊಂದು ಕುಣಿಕೆ 30 ಪಿಕ್ಸೆಲ್ ಆಗಬೇಕು. ನಿಮ್ಮ ಸ್ವೆಟರ್ ಚಿತ್ರದಲ್ಲಿ ಅದು 45 ಪಿಕ್ಸೆಲ್ ಇದ್ದರೆ ಚಿತ್ರವನ್ನು ಮೂರರಲ್ಲಿ ಎರಡು ಪಾಲಿಗೆ ಇಳಿಸಿ. ಇಳಿಸಿದ ಮೇಲೆ ಎದೆ ಮುಚ್ಚಲು ಸಾಲದಾದರೆ ಎಳೆದು ದೊಡ್ಡದು ಮಾಡಬೇಡಿ, ಇನ್ನೂ ದೊಡ್ಡ ಸ್ವೆಟರಿನ ಚಿತ್ರ ತೆಗೆಯಿರಿ. ದೊಡ್ಡವರ ಸ್ವೆಟರ್ ಆದರೂ ನಡೆಯುತ್ತದೆ. ಪುಟ್ಟ ನಾಯಿಯ ಸ್ವೆಟರನ್ನು ದೊಡ್ಡ ನಾಯಿಗೆ ಹಿಗ್ಗಿಸಿದಾಗ ಕುಣಿಕೆಗಳು ಹಗ್ಗದಷ್ಟು ದಪ್ಪವಾಗಿ, ನಾಯಿಯೇ ಆಟಿಕೆಯಷ್ಟು ಚಿಕ್ಕದಾಗಿ ಕಾಣುತ್ತದೆ.

ಈಗ ಮೈಯ ಹೊರಗೆರೆ. ಗೋಲ್ಡನ್ ನಾಯಿಯ ಎದೆಯ ಕೂದಲು ಉದ್ದ, ಸಡಿಲ. ಸ್ವೆಟರ್ ಅದನ್ನು ಮೈಗೆ ಅದುಮುತ್ತದೆ, ಆದ್ದರಿಂದ ಸ್ವೆಟರ್ ತೊಟ್ಟ ನಾಯಿ ತೊಡದ ನಾಯಿಗಿಂತ ಸಣ್ಣಗಿರಬೇಕು. ಹೆಚ್ಚಿನವರು ಸ್ವೆಟರನ್ನು ಕೂದಲಿನ ಹೊರ ಅಂಚಿನವರೆಗೂ ಹಿಗ್ಗಿಸುತ್ತಾರೆ, ನಾಯಿ ಊದಿಕೊಂಡಂತಾಗುತ್ತದೆ. ಸ್ವೆಟರಿನ ಅಂಚನ್ನು ಕೂದಲಿನ ಅಂಚಿಗಿಂತ ಒಳಗೆ ನಿಲ್ಲಿಸಿ, ಹೊರಗೆ ಉಳಿದ ಕೂದಲಿನ ಮೇಲೆ Clone Stamp ಬಳಸಿ ಹಿನ್ನೆಲೆ ತುಂಬಿ. ಸ್ವೆಟರಿನ ಕೆಳ ಅಂಚಿನಲ್ಲಿ ಮಾತ್ರ ಇದಕ್ಕೆ ತಿರುಗುಮುರುಗು: ಪಟ್ಟಿಯಂತೆ ಬಿಗಿಯಾದ ಆ ಅಂಚಿನ ಕೆಳಗೆ ಅದುಮಿದ ಕೂದಲು ಹೊರಗೆ ಕೆದರಿ ಹರಡುತ್ತದೆ. ಅಲ್ಲಿನ ಕೂದಲನ್ನು ಅಳಿಸದೆ, Liquify ಒಳಗಿನ Forward Warp ಉಪಕರಣದಿಂದ ಅಂಚಿಗೆ ತಾಗುವ ಕಡೆ ಸ್ವಲ್ಪ ಒಳಕ್ಕೆ ತಳ್ಳಿದರೆ ಸಾಕು.

ಕಿವಿ ಮತ್ತು ಕತ್ತಿನ ಕೂದಲಿಗೆ ಸಮಯದ ಬಹುಪಾಲು ಹೋಗುತ್ತದೆ, ಹೋಗಲಿ. Select and Mask ತೆರೆದು Refine Edge ಬ್ರಷ್ ಆಡಿಸಿದರೆ ಕಿವಿ ಬಿಡಿಸಿಕೊಳ್ಳಬಹುದೆಂದು ಹೊರಡುವವರು ಇಲ್ಲಿ ಸಿಕ್ಕಿಬೀಳುತ್ತಾರೆ. ಆ ಬ್ರಷ್ ಕೆಲಸ ಮಾಡುವುದು ಕೂದಲಿಗೂ ಹಿಂದಿರುವುದಕ್ಕೂ ಬಣ್ಣದ ವ್ಯತ್ಯಾಸ ಇದ್ದಾಗ. ಇಲ್ಲಿ ಹೊಂಬಣ್ಣದ ಕಿವಿಯ ಹಿಂದೆ ಹೊಂಬಣ್ಣದ್ದೇ ಕತ್ತು. ಹೀಗಾಗಿ ಕಿವಿ ಬಿಡಿಸುವ ಆಸೆ ಬಿಟ್ಟು ಸ್ವೆಟರಿನ ಮಾಸ್ಕ್ ಮೇಲೆ ಕೆಲಸ ಮಾಡಿ. ಸ್ವೆಟರ್ ಲೇಯರಿನ Opacity 50%ಗೆ ಇಳಿಸಿದರೆ ಕೆಳಗಿನ ನಿಜವಾದ ಕೂದಲಿನ ಎಳೆಗಳು ಕಾಣುತ್ತವೆ. ಮಾಸ್ಕ್ ಮೇಲೆ 2–3 ಪಿಕ್ಸೆಲ್‌ನ ಬ್ರಷ್‌ನಿಂದ ಕಪ್ಪು ಬಣ್ಣದಲ್ಲಿ ಆ ಎಳೆಗಳನ್ನೇ ತಿದ್ದುತ್ತ ಹೋಗಿ, ಬುಡದಿಂದ ತುದಿಯ ಕಡೆಗೆ, ಒತ್ತಡ ಕಡಿಮೆ ಮಾಡುತ್ತ. ಪೆನ್ ಟ್ಯಾಬ್ಲೆಟ್ ಇದ್ದರೆ ಸುಲಭ. ಕಿವಿಯ ಮುಖ್ಯ ಭಾಗವನ್ನು ದೊಡ್ಡ ಬ್ರಷ್‌ನಿಂದ ಪೂರ್ತಿ ತೆರೆದು, ತುದಿಯ ಜೂಲನ್ನಷ್ಟೇ ಎಳೆ ಎಳೆಯಾಗಿ ಬಿಡಿ. ಮಾಸ್ಕ್ ತೆರೆದಲ್ಲಿ ಕಾಣುವುದು ಅದೇ ಫೋಟೊದ ಕೂದಲು, ಅದೇ ಬೆಳಕು. ಹೊಸದಾಗಿ ಬಿಡಿಸಿದ ಕೂದಲಿಗೆ ಈ ನಿಜ ಬರುವುದಿಲ್ಲ. ಎಳೆಗಳ ಉದ್ದ ಒಂದೇ ಸಮ ಇದ್ದರೆ ಬಾಚಣಿಗೆಯ ಹಲ್ಲಿನಂತೆ ಕಾಣುತ್ತದೆ; ಎರಡು ಮೂರು ಎಳೆ ಕೂಡಿದ ಗೊಂಚಲು, ನಡುವೆ ಖಾಲಿ ಜಾಗ, ಆಗೊಂದು ಈಗೊಂದು ಅಡ್ಡ ಎಳೆ ಇರಲಿ.

ಕಿವಿ ಉಣ್ಣೆಯ ಮೇಲೆ ಕೂತಿದೆ ಎನಿಸುವುದು ನೆರಳಿನಿಂದ. ಸ್ವೆಟರಿಗೆ ಕ್ಲಿಪ್ ಮಾಡಿದ ಎರಡು Multiply ಲೇಯರ್ ಬೇಕು. ಒಂದು ಕಿವಿಗೆ ಅಂಟಿಕೊಂಡೇ ಇರುವ ಕಿರಿದಾದ ಗಾಢ ನೆರಳು, ಇನ್ನೊಂದು ಬಲಕ್ಕೆ ಹರಡಿದ ಅಗಲವಾದ ತೆಳು ನೆರಳು. 4000 ಪಿಕ್ಸೆಲ್ ಚಿತ್ರದಲ್ಲಿ ಮೊದಲನೆಯದು ಐದಾರು ಪಿಕ್ಸೆಲ್, ಎರಡನೆಯದು ಮೂವತ್ತು ನಲವತ್ತು ಎಂದು ಶುರುಮಾಡಿ, ಫೋಟೊದಲ್ಲಿ ಆಗಲೇ ಇರುವ ನೆರಳು ನೋಡಿ ತಿದ್ದಿಕೊಳ್ಳಿ. ಬಣ್ಣ ಅಚ್ಚ ಕಪ್ಪಾಗಬಾರದು. ಸ್ವೆಟರಿನದೇ ಮಡಿಕೆಯ ಗಾಢ ಮರೂನನ್ನು ಎತ್ತಿಕೊಳ್ಳಿ. ಇದರ ಜೊತೆಗೆ ಗದ್ದದ ಕೆಳಗಿನ ಕೂದಲಿಗೆ ಉಣ್ಣೆಯ ಕೆಂಪು ಸ್ವಲ್ಪ ಪ್ರತಿಫಲಿಸುತ್ತದೆ. Color ಮೋಡ್‌ನ ಲೇಯರಿನಲ್ಲಿ 10% ಸುಮಾರಿಗೆ ಬಳಿದರೆ ಆಯಿತು. ಇದ್ದದ್ದು ಯಾರಿಗೂ ಗೊತ್ತಾಗದು, ತೆಗೆದರೆ ಮಾತ್ರ ಏನೋ ಕಡಿಮೆ ಅನಿಸುತ್ತದೆ.

ಕೊರಳಪಟ್ಟಿಯ ವಿಷಯದಲ್ಲಿ ಮೊದಲೇ ತೀರ್ಮಾನ ಬೇಕು. ದುಂಡು ಕತ್ತಿನ ಸ್ವೆಟರಾದರೆ ಅಂಚನ್ನು ಪಟ್ಟಿಗಿಂತ ಕೆಳಗೆ ಇಳಿಸಿ, ನಡುವೆ ಒಂದಿಷ್ಟು ಕೂದಲು ಕಾಣಿಸಿ. ಪಟ್ಟಿಯನ್ನು ಕೂದಲು ಮುಚ್ಚಿದ ಕಡೆ ಮುಚ್ಚಿದಂತೆಯೇ ಬಿಡಿ. ಚೊಕ್ಕವಾಗಿರಲಿ ಎಂದು ಪಟ್ಟಿಯನ್ನು ಪೂರ್ತಿ ಬಿಡಿಸಿ ತೋರಿಸಿದರೆ ಅದು ಕತ್ತಿಗೆ ಕಟ್ಟಿದ್ದಾಗದೆ, ಚಿತ್ರದ ಮೇಲೆ ಇಟ್ಟದ್ದಾಗುತ್ತದೆ. ಬಿಲ್ಲೆ ಮಾತ್ರ ಸ್ವೆಟರಿನ ಮೇಲೆ ಬೀಳುತ್ತದೆ. ಲೋಹಕ್ಕೆ ಅಂಚು ಸ್ಪಷ್ಟ, ಅದನ್ನು Pen ಉಪಕರಣದಿಂದ ಕತ್ತರಿಸಿ ಎಲ್ಲಕ್ಕೂ ಮೇಲಿನ ಲೇಯರಿನಲ್ಲಿಡಿ. ಅದರ ನೆರಳಿನ ಅಂಚು ಗೆರೆ ಎಳೆದಂತಿರದೆ ಕುಣಿಕೆಗಳ ಏರಿಳಿತಕ್ಕೆ ತಕ್ಕಂತೆ ಸಣ್ಣಗೆ ಅಲುಗಬೇಕು.

ಗ್ರಾಹಕರು ಎತ್ತರದ ಮಡಿಸಿದ ಕತ್ತಿನ ಸ್ವೆಟರನ್ನೇ ಬಯಸಿದರೆ ಪಟ್ಟಿ ಒಳಗೆ ಹೋಗುತ್ತದೆ. ಆಗ ಪಟ್ಟಿ, ಬಿಲ್ಲೆ ಎರಡನ್ನೂ ಪೂರ್ತಿ ಮರೆಮಾಡಿ. ಬಿಲ್ಲೆ ಕಾಣಲೇಬೇಕು ಎಂದರೆ ಪಟ್ಟಿಯನ್ನು ಉಣ್ಣೆಯ ಮೇಲೆಯೇ ಕಟ್ಟಿದಂತೆ ತೋರಿಸಬೇಕು. ಪಟ್ಟಿಯ ಮೇಲೂ ಕೆಳಗೂ ರಿಬ್ ಗೆರೆಗಳು ಅದರತ್ತ ಕಿರಿದಾಗುತ್ತ ಬರುವಂತೆ Warp ಮಾಡಬೇಕು, ಪಟ್ಟಿಯನ್ನು ಮುಚ್ಚಿದ್ದ ಕೂದಲನ್ನೆಲ್ಲ ತೆಗೆದು ಮರೆಯಾಗಿದ್ದ ಚರ್ಮವನ್ನು ತುಂಬಬೇಕು. ಅದು ಹೆಚ್ಚುವರಿ ಕೆಲಸ, ದರ ಹೇಳುವಾಗಲೇ ತಿಳಿಸಿಬಿಡಿ.

ಕೊನೆಗೆ ಫೋಕಸ್. ಕಣ್ಣಿಗೆ ಫೋಕಸ್ ಮಾಡಿದ ಭಾವಚಿತ್ರದಲ್ಲಿ ಎದೆಯ ಪಕ್ಕದ ಕೂದಲು ಆಗಲೇ ಮಸುಕಾಗಿರುತ್ತದೆ. ಸ್ವೆಟರ್ ಮಾತ್ರ ಎಲ್ಲ ಕಡೆ ಚೂಪಾಗಿದ್ದರೆ ಅಲ್ಲಿಗೆ ಗುಟ್ಟು ರಟ್ಟು. ಪಕ್ಕದ ಕೂದಲಿನಷ್ಟೇ Gaussian Blur ಕೊಟ್ಟು, ಮೂಲ ಫೋಟೊದ ಗ್ರೇನಿಗೆ ಹೊಂದುವಷ್ಟು Add Noise ಹಾಕಿ. ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ಎಡಬಲ ತಿರುಗಿಸಿ 25% ಗಾತ್ರದಲ್ಲಿ ನೋಡಿ. ಕಣ್ಣು ಮೊದಲು ಸ್ವೆಟರಿನ ಅಂಚಿಗೆ ಹೋಯಿತೆಂದರೆ ಆ ಅಂಚಿನಲ್ಲಿ ಇನ್ನೂ ಕೆಲಸ ಬಾಕಿ ಇದೆ.